IEND ನಾಲ್ಕೇ ಅಕ್ಷರ, ಆದರೂ ಸಿಆರ್‌ಸಿ-32 ತಾಳೆಯಾಗುತ್ತಿಲ್ಲ

ಮೊದಲಸಾಲು

ಪಿಎನ್‌ಜಿ ಫೈಲ್ ತೆರೆದು ಒಂದೊಂದು ಚಂಕ್‌ನ ಚೆಕ್‌ಸಮ್ ಸರಿಯಿದೆಯೇ ಎಂದು ನೋಡುವ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಲೈಬ್ರರಿ ಇದೆ ಅಂತ ಗೊತ್ತು. ಆದರೆ ಲೆಕ್ಕ ಒಳಗೆ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕೆಂದು ಸಿಆರ್‌ಸಿ-32 ಅನ್ನು ನಾನೇ ಬರೆದೆ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಎಲ್ಲಕ್ಕಿಂತ ಚಿಕ್ಕದು ಕೊನೆಯ ಚಂಕ್. ಅದರಲ್ಲಿ ಡೇಟಾ ಏನೂ ಇರುವುದಿಲ್ಲ, ಹಾಗಾಗಿ ಅದರಿಂದಲೇ ಶುರು ಮಾಡಿದೆ. ನನ್ನ ಕೈಯಲ್ಲಿರುವ ಫೈಲ್ ವಿವರಣೆಯ ಪ್ರಕಾರ ಪ್ರತಿ ಪಿಎನ್‌ಜಿಯೂ ಈ 12 ಬೈಟ್‌ಗಳಿಂದ ಮುಗಿಯಬೇಕು:

```
00 00 00 00  49 45 4E 44  AE 42 60 82
```

ಮೊದಲ ನಾಲ್ಕು ಉದ್ದ, ಮುಂದಿನ ನಾಲ್ಕು IEND ಅನ್ನುವ ಹೆಸರು, ಕೊನೆಯ ನಾಲ್ಕು ಸಿಆರ್‌ಸಿ. ನಾನು ಮೊದಲ ಎಂಟು ಬೈಟ್‌ಗಳನ್ನು ಕೊಟ್ಟು ಲೆಕ್ಕ ಹಾಕಿದರೆ 15DB9F08 ಬರುತ್ತದೆ. AE426082ಗೂ ಇದಕ್ಕೂ ಎಲ್ಲಿಂದೆಲ್ಲಿಯ ಸಂಬಂಧವೂ ಕಾಣುತ್ತಿಲ್ಲ. ಕೋಡ್ ಇಷ್ಟೇ:

```python
def crc32(data):
    c = 0xFFFFFFFF
    for b in data:
        c ^= b
        for _ in range(8):
            if c & 1:
                c = (c >> 1) ^ 0xEDB88320
            else:
                c >>= 1
    return c
```

ಎರಡು ದಿನದಿಂದ ಇದನ್ನೇ ನೋಡಿ ನೋಡಿ ಕಣ್ಣು ಮಂಜಾಗಿದೆ. ಎಲ್ಲಿ ತಪ್ಪಿದೆ ಅಂತ ಯಾರಾದರೂ ಹೇಳುತ್ತೀರಾ?

ಅರೆಬೈಟು

ನಿಮ್ಮ ಪಾಲಿನಾಮಿಯಲ್ಲೇ ತಪ್ಪು ಅನ್ನಿಸುತ್ತದೆ. ಸಿಆರ್‌ಸಿ-32ರ ಪಾಲಿನಾಮಿಯಲ್ 04C11DB7. ನೀವು EDB88320 ಹಾಕಿದ್ದೀರಿ. ಇನ್ನೊಂದು, ಆರಂಭದ ಬೆಲೆ ಸೊನ್ನೆ ಇರಬೇಕು. zlib ಕೈಪಿಡಿಯಲ್ಲಿ ಮೊದಲ ಸಲ ಕರೆಯುವಾಗ 0 ಕೊಡಿ ಎಂದಿದೆ, ಬೇಕಿದ್ದರೆ ನೋಡಿ.

ಸುಮ್ನೆಓದುಗ

ಇಷ್ಟೆಲ್ಲ ಒದ್ದಾಟ ಯಾಕೆ? ಸಿಆರ್‌ಸಿ ಹಳೇ ಕಾಲದ್ದು, ಯಾರು ಬೇಕಾದರೂ ನಕಲಿ ಮಾಡಬಹುದು. SHA-256 ಹಾಕಿ, ನೆಮ್ಮದಿಯಾಗಿರಿ.

ಮೊದಲಸಾಲು

@ಸುಮ್ನೆಓದುಗ, ಫೈಲಿನಲ್ಲಿ ಇರುವುದೇ ಸಿಆರ್‌ಸಿ. ಬೇರೆ ಹ್ಯಾಶ್ ಹಾಕಿದರೆ ಯಾವುದರ ಜೊತೆ ಹೋಲಿಸಲಿ?

@ಅರೆಬೈಟು, ನೀವು ಹೇಳಿದಂತೆ ಪಾಲಿನಾಮಿಯಲ್ ಬದಲಿಸಿದೆ, ಇನ್ನೂ ಹಾಳಾಯಿತು. ವಾಪಸ್ ಹಾಕಿ ಆರಂಭವನ್ನು ಮಾತ್ರ 0 ಮಾಡಿದೆ, ಉತ್ತರ 8F06BF9E. ಇಲ್ಲೊಂದು ವಿಚಿತ್ರ ನೋಡಿ. ಉದ್ದದ ನಾಲ್ಕು ಸೊನ್ನೆ ಬೈಟ್‌ಗಳನ್ನು ಸೇರಿಸಿದರೂ ಅದೇ 8F06BF9E, ಬಿಟ್ಟು ಬರೀ IEND ಕೊಟ್ಟರೂ ಅದೇ 8F06BF9E. ನಾಲ್ಕು ಬೈಟ್ ಹೆಚ್ಚು ಕೊಟ್ಟರೂ ಉತ್ತರ ಬದಲಾಗದಿದ್ದರೆ ಅದೆಂಥ ಚೆಕ್‌ಸಮ್!

ಹೆಕ್ಸ್‌ಹುಳು

ಮೊದಲು ನಿಮ್ಮ ಹಳೇ ಕೋಡ್‌ಗೆ ಮರಳಿ. ಅದರಲ್ಲಿ ತೊಂದರೆ ಸ್ವಲ್ಪವೇ ಇದೆ. ಕಷ್ಟ ಬಂದಿರುವುದು ಒಂದರ ಮೇಲೊಂದು ಎರಡು ತಪ್ಪು ಕೂತಿರುವುದರಿಂದ. ಒಂದೊಂದೇ ತಪ್ಪಿದ್ದರೆ ಉತ್ತರ ನೋಡಿದ ತಕ್ಷಣ ಗುರುತು ಸಿಗುತ್ತಿತ್ತು.

ಇಂಥ ಹೊತ್ತಲ್ಲಿ ನಾನು ಫೈಲನ್ನು ಪೂರ್ತಿ ಪಕ್ಕಕ್ಕಿಟ್ಟು ಫಂಕ್ಷನ್ ಒಂದನ್ನೇ ಪರೀಕ್ಷಿಸುತ್ತೇನೆ. ಅದಕ್ಕೆ `123456789` ಅನ್ನುವ ಒಂಬತ್ತು ಅಕ್ಷರದ ಸ್ಟ್ರಿಂಗ್ ಕೊಡಿ. ಸಂಖ್ಯೆ ಅಲ್ಲ, ಅಕ್ಷರ, ಅಂದರೆ 31ರಿಂದ 39ರವರೆಗಿನ ಬೈಟ್‌ಗಳು. ಪಿಎನ್‌ಜಿ, ಜಿಪ್, ಜಿಜಿಪ್ ಮೂರರಲ್ಲೂ ಬಳಸುವ ಸಿಆರ್‌ಸಿ-32 ಇದಕ್ಕೆ CBF43926 ಕೊಡಬೇಕು. ನಿಮ್ಮದು ಏನು ಕೊಡುತ್ತದೆ ಹೇಳಿ, ಆಮೇಲೆ ಮಾತಾಡೋಣ.

ಮೊದಲಸಾಲು

340BC6D9 ಬಂತು.

ಹೆಕ್ಸ್‌ಹುಳು

ನಿರೀಕ್ಷಿಸಿದ್ದೇ. ಎರಡನ್ನೂ ಒಂದರ ಕೆಳಗೊಂದು ಬರೆದು ಅಂಕಿ ಅಂಕಿಯಾಗಿ ಕೂಡಿಸಿ.

```
CBF43926
340BC6D9
--------
FFFFFFFF
```

ಎಲ್ಲ ಜಾಗದಲ್ಲೂ F. ಅಂದರೆ ನಿಮ್ಮ ಉತ್ತರ ಸರಿಯುತ್ತರದ ಪ್ರತಿಯೊಂದು ಬಿಟ್ ಅನ್ನೂ ಮಗುಚಿದ ರೂಪ. ಲೆಕ್ಕವೆಲ್ಲ ಸರಿಯಾಗಿದೆ, ಕೊನೆಯಲ್ಲಿ ಮಗುಚುವ ಒಂದು ಹೆಜ್ಜೆ ಮಾತ್ರ ಬಿಟ್ಟುಹೋಗಿದೆ. ಕೊನೆಯ ಸಾಲನ್ನು ಹೀಗೆ ಮಾಡಿ:

```python
    return c ^ 0xFFFFFFFF
```

ಪಾಲಿನಾಮಿಯಲ್ ವಿಷಯದಲ್ಲಿ ಅರೆಬೈಟು ಹೇಳಿದ್ದು ಅರ್ಧ ನಿಜ. ವಿವರಣೆಗಳಲ್ಲಿ ಅಚ್ಚಾಗಿರುವುದು 04C11DB7 ಎಂದೇ. ಆದರೆ ಪಿಎನ್‌ಜಿಯಲ್ಲಿ ಪ್ರತಿ ಬೈಟ್‌ನ ಚಿಕ್ಕ ಬಿಟ್ ಮೊದಲು ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಅದೇ 32 ಬಿಟ್‌ಗಳನ್ನು ಕನ್ನಡಿಯಲ್ಲಿ ನೋಡಿದಂತೆ ಹಿಂದುಮುಂದು ಬರೆದರೆ EDB88320 ಆಗುತ್ತದೆ. ರಿಜಿಸ್ಟರ್ ಬಲಕ್ಕೆ ಸರಿಯುವ ಕೋಡ್‌ಗೆ EDB88320, ಎಡಕ್ಕೆ ಸರಿಯುವ ಕೋಡ್‌ಗೆ 04C11DB7. ಮೊದಲಸಾಲು ಅವರದು ಬಲಕ್ಕೆ ಸರಿಯುತ್ತದೆ, ಹಾಗಾಗಿ ಅವರು ಹಾಕಿದ್ದೇ ಸರಿ. ಅದರೊಳಗೆ 04C11DB7 ತುರುಕಿದರೆ ಬರುವುದು ಯಾವ ವಿವರಣೆಗೂ ಸೇರದ ಸಂಖ್ಯೆ.

ಅರೆಬೈಟು

ಪಾಲಿನಾಮಿಯಲ್ ಒಪ್ಪಿದೆ. ಆದರೆ ಆರಂಭದ ಸೊನ್ನೆ? `zlib.crc32(data, 0)` ಅಂತಲೇ ನಾನು ವರ್ಷಗಟ್ಟಲೆ ಬರೆಯುತ್ತಿದ್ದೇನೆ. ಒಂದು ಸಲವೂ ತಪ್ಪಾಗಿಲ್ಲ.

ಹೆಕ್ಸ್‌ಹುಳು

ಆಗುವುದೂ ಇಲ್ಲ, ಯಾಕೆಂದರೆ ಆ ಸೊನ್ನೆ ನೇರವಾಗಿ ರಿಜಿಸ್ಟರ್‌ಗೆ ಹೋಗುವುದಿಲ್ಲ. zlib ಒಳಗೆ ಬಂದ ಕೂಡಲೇ ನೀವು ಕೊಟ್ಟ ಬೆಲೆಯನ್ನು ಮಗುಚುತ್ತದೆ, ಹೊರಗೆ ಹೋಗುವಾಗ ಇನ್ನೊಮ್ಮೆ ಮಗುಚುತ್ತದೆ. ನೀವು 0 ಕೊಟ್ಟರೆ ರಿಜಿಸ್ಟರ್ ಶುರುವಾಗುವುದು FFFFFFFF ಇಂದ. ಡೇಟಾವನ್ನು ತುಂಡು ತುಂಡಾಗಿ ಕೊಡುವಾಗ ಹಿಂದಿನ ಉತ್ತರವನ್ನೇ ಎರಡನೇ ಆರ್ಗ್ಯುಮೆಂಟ್ ಆಗಿ ಕೊಡಲು ಅನುಕೂಲವಾಗಲಿ ಅಂತ ಈ ಏರ್ಪಾಡು. ಕೈಯಾರೆ ಬರೆದ ಕೋಡ್‌ಗೆ ಆ ಸೊನ್ನೆಯನ್ನು ತಂದು ಹಾಕಿದರೆ ಅದು ಬೇರೆಯೇ ಸಿಆರ್‌ಸಿ.

ಮೊದಲಸಾಲು ಅವರು ಕಂಡ ವಿಚಿತ್ರಕ್ಕೂ ಇಲ್ಲೇ ಉತ್ತರವಿದೆ. ರಿಜಿಸ್ಟರ್‌ನಲ್ಲಿ ಸೊನ್ನೆ ಇದ್ದಾಗ ಸೊನ್ನೆ ಬೈಟ್ ಬಂದರೆ ಎಕ್ಸಾರ್ ಮಾಡಿದರೂ ಸೊನ್ನೆ, ಎಂಟು ಸಲ ಸರಿಸಿದರೂ ಸೊನ್ನೆ. ಮುಂದೆ ಎಷ್ಟು ಸೊನ್ನೆ ಬೈಟ್ ಇದ್ದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಡೇಟಾದ ತಲೆಯಲ್ಲಿ ಸೊನ್ನೆಗಳು ಸೇರಿದರೂ ಬಿಟ್ಟುಹೋದರೂ ಸಿಕ್ಕಿಬೀಳಲಿ ಅಂತಲೇ FFFFFFFF ಇಂದ ಶುರು ಮಾಡುವುದು. ನೀವು ಬೇಕೆಂದು ಹುಡುಕಿದ್ದರೂ ಇಷ್ಟು ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ.

ಮೊದಲಸಾಲು

ಕೊನೆಯ ಮಗುಚುವಿಕೆ ಸೇರಿಸಿದೆ. `123456789`ಗೆ CBF43926 ಬಂತು! ಆದರೆ ನನ್ನ ಎಂಟು ಬೈಟ್‌ಗಳಿಗೆ ಈಗ EA2460F7. AE426082 ಇನ್ನೂ ಇಲ್ಲ. ಫಂಕ್ಷನ್ ಸರಿ ಅಂದಮೇಲೆ ವಿವರಣೆಯಲ್ಲೇ ತಪ್ಪು ಅಚ್ಚಾಗಿದೆಯಾ?

ಹಳೇಕೀಲಿಮಣೆ

ವಿವರಣೆ ತಪ್ಪು ಅನ್ನುವ ಮೊದಲು ಅದನ್ನು ಇನ್ನೊಮ್ಮೆ ಓದಬೇಕು ಮಹರಾಯರೇ 🙂 ಪಿಎನ್‌ಜಿಯಲ್ಲಿ ಸಿಆರ್‌ಸಿ ಆವರಿಸುವುದು ಚಂಕ್‌ನ ಹೆಸರು ಮತ್ತು ಡೇಟಾ, ಇವೆರಡನ್ನು ಮಾತ್ರ. ಉದ್ದ ಸೇರುವುದಿಲ್ಲ. ಡೇಟಾ ಖಾಲಿ ಇದ್ದರೂ ಹೆಸರು ಇದ್ದೇ ಇರುತ್ತದೆ, ಅದಕ್ಕೇ ಸಿಆರ್‌ಸಿಯೂ ಇದ್ದೇ ಇರುತ್ತದೆ. IENDಗೆ ಡೇಟಾ ಇಲ್ಲ. ಉಳಿದದ್ದು ನಾಲ್ಕು ಅಕ್ಷರ, ಅಷ್ಟೇ. ನೀವು ಹಾಕಬೇಕಾದ್ದು ಬರೀ ಸ್ಟ್ರಿಂಗ್ ಒಂದರ ಸಿಆರ್‌ಸಿ.

ಮೊದಲಸಾಲು

`crc32(b"IEND")` ಕೊಟ್ಟೆ... AE426082. ಬಂತು, ಬಂತು!

ಆದರೂ ಒಂದು ಪ್ರಶ್ನೆ ಉಳಿಯಿತು. ಉದ್ದವನ್ನು ಯಾಕೆ ಹೊರಗಿಟ್ಟರು? ಹಾಳಾಗಬಾರದ ಬೈಟ್‌ಗಳಲ್ಲಿ ಅದೇ ಮುಖ್ಯ ಅಲ್ವಾ?

ಹಳೇಕೀಲಿಮಣೆ

1997ರಲ್ಲಿ ಬಂದ RFC 2083ರಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದಾರೆ. ಡೇಟಾ ಹುಟ್ಟುತ್ತಾ ಹೋದಂತೆ ಸಿಆರ್‌ಸಿಯನ್ನೂ ಲೆಕ್ಕ ಹಾಕುತ್ತಾ ಹೋಗಬಹುದು. ಉದ್ದ ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ಉದ್ದವೂ ಲೆಕ್ಕದ ತಲೆಯಲ್ಲಿ ಇರಬೇಕು ಎಂದಿದ್ದರೆ ಡೇಟಾದ ಮೇಲೆ ಎರಡನೇ ಸಲ ಓಡಬೇಕಿತ್ತು. ಹಾಗಂತ ಉದ್ದ ಕೆಟ್ಟರೆ ತಪ್ಪಿಸಿಕೊಳ್ಳುವುದಿಲ್ಲ. ಉದ್ದ ತಪ್ಪಾದರೆ ನೀವು ತಪ್ಪು ಬೈಟ್‌ಗಳ ಮೇಲೆ ಲೆಕ್ಕ ಹಾಕಿ, ಸಿಆರ್‌ಸಿಯೇ ಅಲ್ಲದ ಇನ್ಯಾವುದೋ ನಾಲ್ಕು ಬೈಟ್‌ಗಳ ಜೊತೆ ಹೋಲಿಸುತ್ತೀರಿ. ತಾಳೆಯಾಗುವುದಿಲ್ಲ.

ಹೆಕ್ಸ್‌ಹುಳು

ಒಳಗೆ ಹೇಗೆ ನಡೆಯುತ್ತದೆ ಅಂತ ಮೊದಲಸಾಲು ಕೇಳಿದ್ದರಲ್ಲ, ನಾಲ್ಕೇ ಅಕ್ಷರ ಇರುವುದರಿಂದ ಪೂರ್ತಿ ಬರೆದುಬಿಡುತ್ತೇನೆ. ಎಂಟು ಸಲ ಸರಿಸುವ ಬದಲು 256 ಸಾಲಿನ ಟೇಬಲ್ ಬಳಸಿದ್ದೇನೆ, ಫಲಿತಾಂಶ ಒಂದೇ. ಪ್ರತಿ ಹೆಜ್ಜೆಯಲ್ಲೂ ರಿಜಿಸ್ಟರ್‌ನ ಕೊನೆಯ ಬೈಟ್ ಅನ್ನು ಬಂದ ಅಕ್ಷರದ ಜೊತೆ ಎಕ್ಸಾರ್ ಮಾಡಬೇಕು. ಅದು ಟೇಬಲ್‌ನ ಸಾಲಿನ ನಂಬರ್. ಆಮೇಲೆ ರಿಜಿಸ್ಟರ್ ಅನ್ನು ಒಂದು ಬೈಟ್ ಬಲಕ್ಕೆ ತಳ್ಳಿ, ಆ ಸಾಲಿನಲ್ಲಿ ಸಿಕ್ಕಿದ್ದರ ಜೊತೆ ಎಕ್ಸಾರ್ ಮಾಡಬೇಕು. ಶುರು FFFFFFFF.

```
I 49   FF^49=B6   220216B9 ^ 00FFFFFF = 22FDE946
E 45   46^45=03   990951BA ^ 0022FDE9 = 992BAC53
N 4E   53^4E=1D   63066CD9 ^ 00992BAC = 639F4775
D 44   75^44=31   51DE003A ^ 00639F47 = 51BD9F7D
```

ಕೊನೆಗೆ 51BD9F7D ಮಗುಚಿದರೆ AE426082. ನಿಮ್ಮ ಕೋಡ್‌ನಲ್ಲಿ ಪ್ರತಿ ಅಕ್ಷರ ಮುಗಿದ ಮೇಲೆ `c` ಪ್ರಿಂಟ್ ಮಾಡಿ, ಬಲತುದಿಯ ನಾಲ್ಕು ಸಂಖ್ಯೆಗಳೂ ಇದೇ ಬರಬೇಕು. ಎಲ್ಲಿ ಬೇರೆಯಾಯಿತೋ ಅಲ್ಲೇ ತಪ್ಪಿದೆ ಅಂತ ಅರ್ಥ. ಇನ್ನೊಂದು ಭಾಷೆಯಲ್ಲಿ ಬರೆಯುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಮೊದಲ ಹೆಜ್ಜೆಯಲ್ಲೇ ಬೇರೆಯಾದರೆ ಟೇಬಲ್ ಅಥವಾ ಆರಂಭದ ಬೆಲೆ ಕೆಟ್ಟಿರಬಹುದು. ಅವೆರಡೂ ಸರಿಯಿದ್ದರೆ ಬಲಕ್ಕೆ ತಳ್ಳುವಾಗ ಮೇಲಿನಿಂದ ಸೊನ್ನೆಯ ಬದಲು ಒಂದುಗಳು ನುಗ್ಗುತ್ತಿವೆಯೇ ನೋಡಿ. ಚಿಹ್ನೆಯಿರುವ ಇಂಟಿಜರ್ ಇರುವ ಭಾಷೆಗಳಲ್ಲಿ ಇದು ಮಾಮೂಲು. ಜಾವಾದಲ್ಲಿ `>>` ಬದಲು `>>>` ಹಾಕಬೇಕು. ಶುರುವಿನ FFFFFFFFನಲ್ಲೇ ಮೇಲಿನ ಬಿಟ್ ಒಂದು, ಹಾಗಾಗಿ ಟೇಬಲ್ ಬಳಸಿದ ಕೋಡ್‌ನಲ್ಲಿ ಈ ತಪ್ಪು I ಬಂದಾಗಲೇ ಹೊರಬೀಳುತ್ತದೆ, ಮೊದಲ ಸಾಲಿನಲ್ಲಿ 22FDE946 ಬದಲು DDFDE946 ಬರುತ್ತದೆ.

ಅರೆಬೈಟು

ಅದೇ ಜಾವಾದಲ್ಲಿ ನಾನು ಇನ್ನೊಂದು ಕಡೆ ಎಡವಿದ್ದೆ. ಉತ್ತರವನ್ನು `int`ಗೆ ಹಾಕಿದರೆ -1371381630 ಅಂತ ತೋರಿಸಿತು, ಪೈಥಾನ್ 3ರಲ್ಲಿ 2923585666. ಎರಡೂ AE426082ನೇ ಅಂತ ಗೊತ್ತಾಗಲು ಅರ್ಧ ದಿನ ಬೇಕಾಯಿತು. ಅಂದಿನಿಂದ ಹೆಕ್ಸ್‌ನಲ್ಲಿ ಬಿಟ್ಟು ಬೇರೆ ರೀತಿ ಹೋಲಿಸುವುದೇ ಇಲ್ಲ.

ಟರ್ಮಿನಲ್‌ಪ್ರಿಯ

ಕೋಡ್ ಯಾಕೆ ಬರೆಯಬೇಕು? ಜಿಜಿಪ್ ಫೈಲಿನ ಕೊನೆಯ ಎಂಟು ಬೈಟ್‌ಗಳಲ್ಲಿ ಮೊದಲ ನಾಲ್ಕು ಸಿಆರ್‌ಸಿ-32. ಅದನ್ನೇ ಕಿತ್ತುಕೊಂಡರೆ ಆಯಿತು:

```
echo IEND | gzip -c | tail -c 8 | head -c 4 | xxd -p
```

ನನಗೆ ಬಂದದ್ದು `ffa6cf31`. ನಿಮ್ಮೆಲ್ಲರ AE426082 ಎಲ್ಲಿ, ಇದೆಲ್ಲಿ? ನನ್ನ ಪ್ರಕಾರ ನೀವೇ ಯಾರೋ ತಪ್ಪು ಮಾಡಿದ್ದೀರಿ. ಜಿಜಿಪ್ ತಪ್ಪು ಮಾಡುವುದಿಲ್ಲ.

ಹೆಕ್ಸ್‌ಹುಳು

ಜಿಜಿಪ್ ತಪ್ಪು ಮಾಡಿಲ್ಲ, ನೀವು ಐದು ಬೈಟ್ ಕೊಟ್ಟಿದ್ದೀರಿ. `echo` ಕೊನೆಗೆ ಹೊಸ ಸಾಲಿನ 0A ಸೇರಿಸುತ್ತದೆ. IEND ಮತ್ತು 0A ಸೇರಿದ ಸ್ಟ್ರಿಂಗ್‌ನ ಸಿಆರ್‌ಸಿ 31CFA6FF, ಅದು ಸರಿಯಾಗಿಯೇ ಬಂದಿದೆ. `echo` ತೆಗೆದು `printf IEND` ಹಾಕಿ ನೋಡಿ.

ಟರ್ಮಿನಲ್‌ಪ್ರಿಯ

ಹಾಕಿದೆ. `826042ae` ಬಂತು. ಈಗಲೂ ಬೇರೆ... ಓ, ಹಿಂದುಮುಂದು!

ಹೆಕ್ಸ್‌ಹುಳು

ಹೌದು. ಜಿಜಿಪ್ ಮತ್ತು ಜಿಪ್ ಎರಡೂ ಚಿಕ್ಕ ಬೈಟ್ ಅನ್ನು ಮೊದಲು ಬರೆಯುತ್ತವೆ, ಪಿಎನ್‌ಜಿ ದೊಡ್ಡ ಬೈಟ್ ಅನ್ನು ಮೊದಲು ಬರೆಯುತ್ತದೆ. ಸಂಖ್ಯೆ ಒಂದೇ, ಫೈಲಿನಲ್ಲಿ ಕೂರುವ ಕ್ರಮ ಬೇರೆ. ಅಂದಹಾಗೆ ಇದಕ್ಕೆ `cksum` ಬಳಸಬೇಡಿ. ಅದರ ಹಳೆಯ ಪದ್ಧತಿಯೂ 32 ಬಿಟ್‌ನ ಸಿಆರ್‌ಸಿಯೇ, ಪಾಲಿನಾಮಿಯಲ್ ಕೂಡ ಇದೇ. ಆದರೆ ಬಿಟ್‌ಗಳ ಕ್ರಮ ಬೇರೆ, ಆರಂಭ ಸೊನ್ನೆ, ಕೊನೆಗೆ ಡೇಟಾದ ಉದ್ದವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಪಿಎಚ್‌ಪಿಯಲ್ಲೂ ಇಂಥದೇ ಗುಂಡಿ ಇದೆ. `hash('crc32', ...)` ಬೇರೆಯದು, ನಮಗೆ ಬೇಕಾದ್ದು `crc32b`.

ಜಿಪ್‌ಗೊಂದಲ

ನನ್ನದೂ ಇದೇ ಸಮಸ್ಯೆ, ಇಲ್ಲೇ ಕೇಳಿಬಿಡುತ್ತೇನೆ. ಜಿಪ್ ಒಂದರ ಒಳಗಿನ ಫೈಲಿಗೆ ಸಿಆರ್‌ಸಿ ಲೆಕ್ಕ ಹಾಕಿದೆ. ಜಿಪ್‌ನಲ್ಲಿ ಆ ಫೈಲಿನ ಮುಂದಿರುವ ಹೆಡರ್‌ನಲ್ಲಿ ನೋಡಿದರೆ ಸಿಆರ್‌ಸಿ ಜಾಗದಲ್ಲಿ ನಾಲ್ಕು ಸೊನ್ನೆ ಬೈಟ್. ಮೇಲೆ ಹೇಳಿದ ಹಾಗೆ ನನ್ನದೂ ಮಗುಚುವ ತೊಂದರೆ ಇರಬಹುದಾ?

ಹಳೇಕೀಲಿಮಣೆ

ಅಲ್ಲ, ನಿಮ್ಮದು ಬೇರೆ. ಜಿಪ್ ಬರೆದ ಪ್ರೋಗ್ರಾಂಗೆ ಫೈಲಿನ ಹೆಡರ್ ಬರೆಯುವ ಹೊತ್ತಿಗೆ ಸಿಆರ್‌ಸಿ ಇನ್ನೂ ಗೊತ್ತಿರಲಿಲ್ಲ. ಹೆಡರ್‌ನ ಫ್ಲ್ಯಾಗ್‌ನಲ್ಲಿ ಬಿಟ್ 3 ಏರಿದೆಯಾ ನೋಡಿ. ಏರಿದ್ದರೆ ಅಲ್ಲಿನ ಸೊನ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನಿಜವಾದ ಬೆಲೆ ಡೇಟಾ ಮುಗಿದ ನಂತರ ಬರುತ್ತದೆ, ಫೈಲಿನ ಕೊನೆಯಲ್ಲಿರುವ ಸೆಂಟ್ರಲ್ ಡೈರೆಕ್ಟರಿಯಲ್ಲೂ ಇರುತ್ತದೆ. ನಾನಾದರೆ ಡೈರೆಕ್ಟರಿಯದನ್ನೇ ಓದುತ್ತೇನೆ. ಇನ್ನೊಂದು, ಜಿಪ್‌ನಲ್ಲಿ ಸಿಆರ್‌ಸಿ ಕುಗ್ಗಿಸುವ ಮೊದಲಿನ ಡೇಟಾದ್ದು. ಪಿಎನ್‌ಜಿಯ IDAT ಚಂಕ್‌ನಲ್ಲಿ ಕುಗ್ಗಿಸಿದ ಮೇಲಿನ ಬೈಟ್‌ಗಳದ್ದು. ಒಂದರ ಅಭ್ಯಾಸದಲ್ಲಿ ಇನ್ನೊಂದಕ್ಕೆ ಕೈ ಹಾಕಿದರೆ ಇಲ್ಲಿ ಎಡವುವುದು ಗ್ಯಾರಂಟಿ.

ಜಿಪ್‌ಗೊಂದಲ

ಬಿಟ್ 3 ಏರಿದೆ. ಆದರೆ ಡೈರೆಕ್ಟರಿಯಲ್ಲಿರುವುದೂ ನನ್ನ ಉತ್ತರಕ್ಕೆ ಹೊಂದುತ್ತಿಲ್ಲ. ಕುಗ್ಗಿಸಿದ ಬೈಟ್‌ಗಳ ಮೇಲೇ ಹಾಕಿದ್ದೆನೋ ಏನೋ, ಬಿಚ್ಚಿ ನೋಡಿ ಬೇರೆ ಎಳೆಯಲ್ಲಿ ಬರೆಯುತ್ತೇನೆ.

ಅಕ್ಷರಸ್ಥ

ಸ್ಟ್ರಿಂಗ್‌ನ ಸಿಆರ್‌ಸಿ ಅಂತ ಮಾತು ಬಂದಿದ್ದಕ್ಕೆ ನನ್ನದೊಂದು. ನಮ್ಮದೇ ಒಂದು ಫೈಲ್ ಮಾದರಿಯಲ್ಲಿ ಕನ್ನಡ ಶೀರ್ಷಿಕೆಗೆ ಸಿಆರ್‌ಸಿ ಇಡುತ್ತೇವೆ. ಒಂದು ಕಂಪ್ಯೂಟರ್‌ನಲ್ಲಿ ಬರೆದದ್ದು ಇನ್ನೊಂದರಲ್ಲಿ ತಾಳೆಯಾಗುತ್ತಿರಲಿಲ್ಲ. ಪರದೆಯ ಮೇಲೆ ಎರಡೂ ಅಕ್ಷರಶಃ ಒಂದೇ. ಕೊನೆಗೆ ನೋಡಿದರೆ "ಕೋ" ಅನ್ನುವಲ್ಲಿ ಒಂದು ಕಡೆ ಸ್ವರ ಚಿಹ್ನೆ U+0CCB ಅಂತ ಒಂದೇ ಸಂಕೇತ, ಇನ್ನೊಂದು ಕಡೆ ಅದನ್ನೇ U+0CC6, U+0CC2, U+0CD5 ಎಂದು ಮೂರಾಗಿ ಒಡೆದಿತ್ತು. ಯುಟಿಎಫ್-8ರಲ್ಲಿ ಮೂರು ಬೈಟ್ ಇರಬೇಕಾದಲ್ಲಿ ಒಂಬತ್ತು. ಸಿಆರ್‌ಸಿಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ನಮ್ಮ ವಿವರಣೆಯಲ್ಲಿ "ಶೀರ್ಷಿಕೆಯ ಸಿಆರ್‌ಸಿ" ಅಂತಷ್ಟೇ ಬರೆದಿದ್ದೆವು. ಈಗ ಒಡೆದ ಚಿಹ್ನೆಗಳನ್ನು ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು, ಯುಟಿಎಫ್-8 ಮಾಡಿ, ಆಮೇಲೆ ಲೆಕ್ಕ ಹಾಕಬೇಕು ಅಂತ ಸೇರಿಸಿದ್ದೇವೆ.

ಹೆಕ್ಸ್‌ಹುಳು

ಪಿಎನ್‌ಜಿಯ ಚಂಕ್ ಹೆಸರುಗಳಲ್ಲಿ ಬರೀ ಆಸ್ಕಿ ಅಕ್ಷರಗಳೇ ಇರುವುದರಿಂದ ಆ ತಲೆನೋವಿಲ್ಲ. ಆದರೆ ದೊಡ್ಡಕ್ಷರ ಸಣ್ಣಕ್ಷರ ಹಾಗೇ ಇರಬೇಕು. `tEXt` ಅನ್ನು `TEXT` ಮಾಡಿ ಲೆಕ್ಕಕ್ಕೆ ಕೊಟ್ಟವರನ್ನೂ ನೋಡಿದ್ದೇನೆ.

ಮೊದಲಸಾಲು

ಮತ್ತೆ ಬಂದೆ. IEND ಕೈಯಾರೆ ಕೊಟ್ಟರೆ AE426082. ಆದರೆ ಪ್ರೋಗ್ರಾಂ ಫೈಲಿನಿಂದ ಓದಿ ಹೋಲಿಸುವಾಗ "ತಾಳೆಯಿಲ್ಲ" ಅನ್ನುತ್ತಿತ್ತು. ನಿರೀಕ್ಷಿತ ಬೆಲೆಯನ್ನು ಪ್ರಿಂಟ್ ಮಾಡಿದರೆ 826042AE! ಟರ್ಮಿನಲ್‌ಪ್ರಿಯ ಅವರ ಪೋಸ್ಟ್ ಓದಿರದಿದ್ದರೆ ಇನ್ನೊಂದು ದಿನ ಹೋಗುತ್ತಿತ್ತು. `int.from_bytes(buf, "little")` ಅಂತ ಬರೆದಿದ್ದೆ, `"big"` ಮಾಡಿದೆ. ಉದ್ದವನ್ನು ಮಾತ್ರ ಮೊದಲಿನಿಂದಲೂ ಸರಿಯಾಗಿ ಓದುತ್ತಿದ್ದೆ, ಅದು ಹೇಗೆ ಸರಿಯಾಯಿತೋ ಕೇಳಬೇಡಿ.

ಈಗ ಎಲ್ಲ ಫೈಲೂ ಪಾಸ್, ಒಂದನ್ನು ಬಿಟ್ಟು. ಅದರಲ್ಲಿ IHDR ಸರಿ, IEND ಸರಿ, ನಡುವಿನ ಒಂದು IDAT ಮಾತ್ರ ತಾಳೆಯಿಲ್ಲ. ಉದ್ದ 8192. ಉದ್ದ ಕೆಟ್ಟಿದೆಯೋ ಡೇಟಾ ಕೆಟ್ಟಿದೆಯೋ ಹೇಗೆ ಹೇಳುವುದು?

ಹಳೇಕೀಲಿಮಣೆ

ಆ ಸಿಆರ್‌ಸಿ ದಾಟಿ ಮುಂದಿನ ಎಂಟು ಬೈಟ್ ನೋಡಿ. ಅಲ್ಲಿ ಒಂದು ಉದ್ದ ಮತ್ತು ಓದಬಹುದಾದ ನಾಲ್ಕಕ್ಷರದ ಹೆಸರು ಸಿಕ್ಕಿದರೆ ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ, ಉದ್ದ ಸರಿ. ಕಸ ಸಿಕ್ಕಿದರೆ ಉದ್ದವೇ ತಪ್ಪು. ನಿಮಗೆ IENDವರೆಗೂ ಎಲ್ಲ ಸಿಕ್ಕಿದೆ ಅಂದಮೇಲೆ ಉದ್ದ ಸರಿಯೇ ಇರಬೇಕು.

ಹೆಕ್ಸ್‌ಹುಳು

ಮೊದಲು ಲೆಕ್ಕದ ಉತ್ತರ ಮತ್ತು ಫೈಲಿನ ಉತ್ತರ ಎರಡನ್ನೂ ಎಕ್ಸಾರ್ ಮಾಡಿ. ಒಂದೇ ಬಿಟ್ ಏರಿದ್ದರೆ ಡೇಟಾ ಚೆನ್ನಾಗಿದೆ, ಸಿಆರ್‌ಸಿಯ ಬೈಟೇ ಕೆಟ್ಟಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಹಾಗಿಲ್ಲದಿದ್ದರೆ ಡೇಟಾದ ಒಂದೊಂದೇ ಬಿಟ್ ಮಗುಚಿ ಪ್ರತಿ ಸಲ ಸಿಆರ್‌ಸಿ ಹಾಕಿ. 8192 ಬೈಟ್ ಅಂದರೆ 65536 ಪ್ರಯತ್ನ. ನಿಮ್ಮ ಕೈಬರಹದ ಫಂಕ್ಷನ್‌ನಲ್ಲಿ ಮಾಡಿದರೆ ಬಹಳ ಹೊತ್ತು ಹಿಡಿಯುತ್ತದೆ, ಇದಕ್ಕೆ ಮಾತ್ರ `zlib.crc32` ಬಳಸಿ. ಕೆಟ್ಟಿರುವುದು ಒಂದೇ ಬಿಟ್ ಆಗಿದ್ದರೆ ತಾಳೆಯಾಗುವ ಜಾಗವೂ ಒಂದೇ ಇರುತ್ತದೆ, ಈ ಗಾತ್ರದಲ್ಲಿ ಎರಡು ಉತ್ತರ ಬರಲು ಸಾಧ್ಯವಿಲ್ಲ. ಬಹಳ ಬಿಟ್ ಕೆಟ್ಟಿದ್ದರೂ ಆಕಸ್ಮಿಕವಾಗಿ ಒಂದು ತಾಳೆಯಾಗುವ ಸಂಭವ ಸುಮಾರು 65536ರಲ್ಲಿ ಒಂದು.

ಮೊದಲಸಾಲು

ಎಕ್ಸಾರ್‌ನಲ್ಲಿ ಹದಿನೇಳು ಬಿಟ್ ಏರಿವೆ. 65536 ಪ್ರಯತ್ನವೂ ಮಾಡಿದೆ, ಕೆಲವೇ ಸೆಕೆಂಡಿನಲ್ಲಿ ಮುಗಿಯಿತು, ಒಂದೂ ತಾಳೆಯಾಗಲಿಲ್ಲ. ಚಿತ್ರ ನೋಡುವ ಒಂದು ಪ್ರೋಗ್ರಾಂ ಇದನ್ನು ತೆರೆಯುತ್ತದೆ, ಅರ್ಧದಿಂದ ಕೆಳಗೆ ಬಣ್ಣ ಕಲಸಿದಂತೆ ಕಾಣುತ್ತದೆ. ಇನ್ನೊಂದು ತೆರೆಯುವುದೇ ಇಲ್ಲ.

ಅರೆಬೈಟು

ಹಾಗಾದರೆ ನಿಮ್ಮ ಪ್ರೋಗ್ರಾಂ ಏನು ಮಾಡಬೇಕು? ನಾನಾದರೆ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತೇನೆ.

ಹಳೇಕೀಲಿಮಣೆ

ನಾನಾದರೆ ಅಲ್ಲೇ ನಿಲ್ಲಿಸುತ್ತೇನೆ. `tEXt` ತರಹದ ಚಂಕ್ ಕೆಟ್ಟಿದ್ದರೆ ಬಿಟ್ಟು ಮುಂದೆ ಹೋಗಬಹುದು. IDAT ಕೆಟ್ಟ ಮೇಲೆ ತೋರಿಸುವುದು ಚಿತ್ರ ಅಲ್ಲ.

ಅರೆಬೈಟು

ಮೇಲಿನ ಅರ್ಧ ಚಿತ್ರವೇ ಅಲ್ವಾ ಸರ್? ಅದೊಂದೇ ಪ್ರತಿ ಉಳಿದಿದ್ದರೆ?

ಮೊದಲಸಾಲು

ಸದ್ಯಕ್ಕೆ ಎರಡಕ್ಕೂ ಆಯ್ಕೆ ಇಟ್ಟಿದ್ದೇನೆ, ಡೀಫಾಲ್ಟ್ ಯಾವುದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಪರೀಕ್ಷೆಗಳಲ್ಲಿ `123456789` ಮತ್ತು `IEND` ಎರಡನ್ನೂ ಸೇರಿಸಿದ್ದೇನೆ, ಹೆಕ್ಸ್‌ಹುಳು ಅವರ ನಾಲ್ಕು ಸಾಲುಗಳು ಕೋಡ್ ಪಕ್ಕದಲ್ಲೇ ಕಾಮೆಂಟ್ ಆಗಿ ಕೂತಿವೆ. ಕೆಟ್ಟ ಫೈಲಿನ ಮೂಲ ಪ್ರತಿ ಎಲ್ಲಾದರೂ ಇದೆಯಾ ಅಂತ ಹುಡುಕುತ್ತಿದ್ದೇನೆ. ಸಿಕ್ಕಿದರೆ ಎರಡನ್ನೂ ಹೋಲಿಸಿ ಎಷ್ಟು ಬೈಟ್ ಕೆಟ್ಟಿದ್ದವು ಅಂತ ಇಲ್ಲೇ ಹಾಕುತ್ತೇನೆ.